ಹಳೇ ಪದ್ಧತಿಯೋ ಹೊಸದೋ: ನನ್ನ ತೆರಿಗೆ ಲೆಕ್ಕದ ಶೀಟ್

2025-26ರ ಸಂಬಳಕ್ಕೆ ಎರಡೂ ಪದ್ಧತಿಯ ತೆರಿಗೆಯನ್ನು ಒಂದೇ ಶೀಟಿನಲ್ಲಿ ಅಕ್ಕಪಕ್ಕ ಹಾಕಿ ನೋಡಿದೆ. ನನ್ನ ವರ್ಷದ ಸಂಬಳ 18 ಲಕ್ಷ, ಅದರಲ್ಲಿ ಬೇಸಿಕ್ 7.2 ಲಕ್ಷ. ಬೆಂಗಳೂರಿನಲ್ಲಿ ತಿಂಗಳಿಗೆ 25,000 ಬಾಡಿಗೆ ಕಟ್ಟುತ್ತೇನೆ. ಹಾಸನದಲ್ಲಿ ಸಾಲ ಮಾಡಿ ಕಟ್ಟಿಸಿದ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ.

ಹೊಸ ಪದ್ಧತಿಯ ಕಾಲಂ ಎರಡೇ ನಿಮಿಷದಲ್ಲಿ ಮುಗಿಯಿತು. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 17.25 ಲಕ್ಷ. ತೆರಿಗೆ, ಸೆಸ್ ಸೇರಿ 1,50,800 ರೂಪಾಯಿ.

ಹಳೇ ಪದ್ಧತಿಯಲ್ಲೇ ನಾನು ಎಡವಿದ್ದು. ಮೊದಲ ಸಲ 1,12,237 ಬಂತು. 38,000ಕ್ಕಿಂತ ಜಾಸ್ತಿ ಉಳಿತಾಯ! ಖುಷಿಯಾಯಿತು, ಆದರೆ ಅನುಮಾನವೂ ಬಂತು. ಸಾಲು ಸಾಲಾಗಿ ನೋಡಿದಾಗ ಎರಡು ತಪ್ಪು ಸಿಕ್ಕವು. ಪಿಎಫ್, ಎಲ್‌ಐಸಿ, ಸಾಲದ ಅಸಲು ಸೇರಿ 1,82,400 ಆಗಿತ್ತು, ಅಷ್ಟನ್ನೂ 80ಸಿಯಲ್ಲಿ ಕಳೆದಿದ್ದೆ. ಅಲ್ಲಿ ಮಿತಿ ಇರುವುದು 1.5 ಲಕ್ಷ. ಇನ್ನೊಂದು ಎಚ್‌ಆರ್‌ಎ. ಸಂಬಳದ ಚೀಟಿಯಲ್ಲಿರುವ 2.88 ಲಕ್ಷವನ್ನು ಹಾಗೇ ಹಾಕಿಬಿಟ್ಟಿದ್ದೆ. ಕಂಪನಿ ಕೊಟ್ಟ ಎಚ್‌ಆರ್‌ಎ, ಬಾಡಿಗೆಯಲ್ಲಿ ಬೇಸಿಕ್‌ನ ಶೇ. 10 ಕಳೆದು ಉಳಿದದ್ದು, ಬೇಸಿಕ್‌ನ ಶೇ. 40, ಈ ಮೂರರಲ್ಲಿ ಯಾವುದು ಕಡಿಮೆಯೋ ಅಷ್ಟಕ್ಕೆ ಮಾತ್ರ ವಿನಾಯಿತಿ. ಈ ವರ್ಷದ ಲೆಕ್ಕಕ್ಕೆ ಬೆಂಗಳೂರಿಗೆ ಶೇ. 50 ಅಲ್ಲ, ಶೇ. 40. ಆ ಕೋಶದಲ್ಲಿ ಈಗ ಹೀಗಿದೆ:

```
=MIN(288000, 300000-72000, 720000*40%)
```

ಉತ್ತರ 2,28,000. ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲಿ 50,000, ವೃತ್ತಿ ತೆರಿಗೆ 2,500. ನಮ್ಮ ಮತ್ತು ಅಪ್ಪ ಅಮ್ಮನ ಆರೋಗ್ಯ ವಿಮೆಗೆ 50,000, ನಾನೇ ಕಟ್ಟುವ ಎನ್‌ಪಿಎಸ್‌ಗೆ 50,000. ಮನೆ ಸಾಲದ ಬಡ್ಡಿ 2 ಲಕ್ಷ. ಎಲ್ಲ ಕಳೆದು ಉಳಿದದ್ದು 10,69,500. ತೆರಿಗೆ ಸೆಸ್ ಸೇರಿ 1,38,684. ಅಂದರೆ ಹಳೇ ಪದ್ಧತಿಯೇ ಗೆದ್ದಿತು, ಆದರೆ ಬರೀ 12,116 ರೂಪಾಯಿಯಿಂದ.

ಗೆಲ್ಲಿಸಿದ್ದು ಆ ಬಡ್ಡಿ. ಸುಮ್ನೆ ಆ ಸಾಲು ಅಳಿಸಿ ನೋಡಿದೆ, ಹಳೇ ತೆರಿಗೆ 2,01,084ಕ್ಕೆ ಏರಿತು! ನಾವಿರುವ ಮನೆಯ, ಅಥವಾ ನಮ್ಮ ಹಾಗೆ ಬಾಡಿಗೆಗೆ ಕೊಡದೆ ಇಟ್ಟುಕೊಂಡ ಮನೆಯ ಸಾಲದ ಬಡ್ಡಿಗೆ ಹೊಸ ಪದ್ಧತಿಯಲ್ಲಿ ಕಡಿತವೇ ಇಲ್ಲ. ಸಾಲವಿಲ್ಲದ ಸಹೋದ್ಯೋಗಿಗೆ ನನ್ನಷ್ಟೇ ಸಂಬಳ, ನನ್ನಷ್ಟೇ ಬಾಡಿಗೆ ಇದ್ದರೂ ಹೊಸದೇ ಲಾಭ, ಅದೂ 50,000ದಷ್ಟು.

ಹಾಗಾಗಿ ಈ ಸಲ ಹಳೇದನ್ನೇ ಆರಿಸುತ್ತೇನೆ. ಕೇಳದಿದ್ದರೆ ಕಂಪನಿ ಹೊಸ ಪದ್ಧತಿಯಲ್ಲೇ ಟಿಡಿಎಸ್ ಹಿಡಿಯುತ್ತದೆ, ಆದರೆ ಸಂಬಳದವರು ರಿಟರ್ನ್ ಹಾಕುವಾಗ ಬದಲಿಸಿಕೊಳ್ಳಬಹುದು. ಗಡುವಿನೊಳಗೆ ಹಾಕಬೇಕು ಅಷ್ಟೇ, ತಡವಾದರೆ ಹಳೇದು ಸಿಗುವುದಿಲ್ಲ. ಉಳಿದದ್ದೆಲ್ಲ ಹೀಗೇ ಇದ್ದರೆ, ಬಡ್ಡಿ ವರ್ಷಕ್ಕೆ 1.61 ಲಕ್ಷಕ್ಕಿಂತ ಕೆಳಗಿಳಿದ ವರ್ಷ ನಾನು ಹೊಸದಕ್ಕೆ ಹೋಗುತ್ತೇನೆ. ಆ ಅಂಕಿಯನ್ನು ಶೀಟಿನ ಮೇಲೆಯೇ ಕೆಂಪಕ್ಷರದಲ್ಲಿ ಬರೆದಿಟ್ಟಿದ್ದೇನೆ.