ಕಡತಕ್ಕೆ ಬಾರದ ಹೆಬ್ಬೆಟ್ಟು: ವಾಟ್ಸ್‌ಆ್ಯಪ್ ಚಾಟ್ ಎಕ್ಸ್‌ಪೋರ್ಟ್, ಮೂರು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ನಾಲ್ಕು ಮನೆಗಳಿವೆ. ನಿವಾಸಿಗಳ ಸಂಘದ ಕಡತಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಾಗಿನಿಂದ, ಮೂರು ತಿಂಗಳಿಗೊಮ್ಮೆ ವಾಟ್ಸ್‌ಆ್ಯಪ್ ಗುಂಪನ್ನು ತೆರೆದು, ಮೂರು ಚುಕ್ಕಿಯ ಮೆನುವಿನಲ್ಲಿರುವ Export chat ಅನ್ನು ಒತ್ತಿ, ಬರುವ ಪಠ್ಯ ಕಡತವನ್ನು ಲೆಕ್ಕಪತ್ರಗಳ ಜೊತೆಗೆ ಇಡುತ್ತಾ ಬಂದಿದ್ದೇನೆ. ಒಂದು ನಿಮಿಷದ ಕೆಲಸ, ಖರ್ಚಿಲ್ಲ, ಕಡತವನ್ನು ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ತೆರೆಯಬಹುದು. ಚಿತ್ರಗಳನ್ನು ಬಿಟ್ಟು ತೆಗೆದರೆ ಇತ್ತೀಚಿನ 40,000 ಸಂದೇಶಗಳವರೆಗೆ, ಚಿತ್ರಗಳ ಸಮೇತ ತೆಗೆದರೆ 10,000ದವರೆಗೆ ಸಿಗುತ್ತವೆ ಎಂಬ ಮಿತಿ ನಮ್ಮಂಥ ಸಣ್ಣ ಗುಂಪಿಗೆ ಎಂದೂ ಅಡ್ಡಬಂದಿಲ್ಲ. ಇಷ್ಟರ ಮಟ್ಟಿಗೆ ನಾನು ತೃಪ್ತ ಬಳಕೆದಾರ. ಗುಂಪಿನಲ್ಲಿ ನಡೆದದ್ದೆಲ್ಲವೂ ಆ ಕಡತದಲ್ಲಿದೆ ಎಂದು ನಂಬಿದ್ದು ಮಾತ್ರ ನನ್ನ ತಪ್ಪು.

ಆ ನಂಬಿಕೆ ಕಳಚಿದ್ದು 2024ರ ಬೇಸಿಗೆಯ ಲೆಕ್ಕವನ್ನು ಪರಿಶೀಲಿಸುವಾಗ. ಆ ವರ್ಷ ನಗರದ ಅನೇಕ ಕಡೆಗಳಂತೆ ನಮ್ಮ ಕೊಳವೆಬಾವಿಯೂ ಬತ್ತಿ, ಟ್ಯಾಂಕರ್ ನೀರು ಅನಿವಾರ್ಯವಾಗಿತ್ತು. ಕಾರ್ಯದರ್ಶಿಗಳು ದರವನ್ನು ಗುಂಪಿನಲ್ಲಿ ತಿಳಿಸಿ ಒಪ್ಪಿಗೆ ಕೇಳಿದ್ದರು. ಹದಿನೇಳು ಮನೆಯವರು ಹೆಬ್ಬೆಟ್ಟು ಒತ್ತಿದ್ದರು. ಒಪ್ಪಿಗೆಯ ದಾಖಲೆಯನ್ನು ಕೇಳಿದ ಹೊಸ ಸಮಿತಿಯವರಿಗೆ ನಾನು ಕೊಟ್ಟ ಕಡತದಲ್ಲಿ ಆ ಭಾಗ ಹೀಗಿತ್ತು:

```
10/03/24, 8:11 pm - ಕಾರ್ಯದರ್ಶಿ: ಟ್ಯಾಂಕರ್ 12,000 ಲೀ. ಲೋಡಿಗೆ ರೂ. 1,800. ಒಪ್ಪಿಗೆ ಇದ್ದವರು ಹೆಬ್ಬೆಟ್ಟು ಒತ್ತಿ. <This message was edited>
10/03/24, 8:13 pm - ಮನೆ 302: 1,500 ಆದರೆ ಅಡ್ಡಿಯಿಲ್ಲ.
10/03/24, 8:40 pm - ಮನೆ 105: ಸರಿ, ಹಾಗೇ ಮಾಡಿ.
```

ಹದಿನೇಳು ಹೆಬ್ಬೆಟ್ಟುಗಳಲ್ಲಿ ಒಂದೂ ಇಲ್ಲಿಲ್ಲ. ಸಂದೇಶಕ್ಕೆ ಅಂಟಿಸುವ ಪ್ರತಿಕ್ರಿಯೆಗಳು ವಾಟ್ಸ್‌ಆ್ಯಪ್‌ಗೆ ಬಂದದ್ದು 2022ರಲ್ಲಿ; ಎಕ್ಸ್‌ಪೋರ್ಟ್ ಕಡತದಲ್ಲಿ ಅವಕ್ಕೆ ಒಂದು ಸಾಲೂ ಇಲ್ಲ, ಏನೋ ಬಿಟ್ಟುಹೋಗಿದೆ ಎಂಬ ಗುರುತೂ ಇಲ್ಲ. ಬಿಟ್ಟ ಚಿತ್ರದ ಜಾಗದಲ್ಲಿ `<Media omitted>` ಎಂದಾದರೂ ಇರುತ್ತದೆ, ಅಳಿಸಿದ ಸಂದೇಶದ ಜಾಗದಲ್ಲಿ ಅಳಿಸಲಾಗಿದೆ ಎಂದು ಬರುತ್ತದೆ. ಹೆಬ್ಬೆಟ್ಟಿಗೆ ಆ ಭಾಗ್ಯವೂ ಇಲ್ಲ. ಹೀಗಾಗಿ ಕಡತವನ್ನಷ್ಟೇ ಓದುವವರಿಗೆ ಕಾರ್ಯದರ್ಶಿಗಳ ಮಾತಿಗೆ ಬಹುಪಾಲು ಮನೆಗಳು ಮೌನವಾಗಿದ್ದಂತೆ ಕಾಣುತ್ತದೆ. ಹಿಂದಿನವರು ಹೆಬ್ಬೆಟ್ಟು ಒತ್ತಿದರೆ ಅದು ಪತ್ರದ ಮೇಲೆ ಅಳಿಯದ ಗುರುತಾಗಿರುತ್ತಿತ್ತು ಎಂಬುದನ್ನು ನೆನೆದು ಸಮಿತಿಯ ಹಿರಿಯರೊಬ್ಬರು ನಕ್ಕರು.

ಮೊದಲ ಸಾಲಿನ ಕೊನೆಯಲ್ಲಿರುವ ತಿದ್ದುಪಡಿಯ ಗುರುತು ಇನ್ನೂ ದೊಡ್ಡ ತೊಡಕು. ಕಳುಹಿಸಿದ ಹದಿನೈದು ನಿಮಿಷಗಳೊಳಗೆ ಸಂದೇಶವನ್ನು ತಿದ್ದುವ ಅವಕಾಶ 2023ರ ಮೇ ತಿಂಗಳಲ್ಲಿ ಬಂತು. ತಿದ್ದಲಾಗಿದೆ ಎಂಬುದನ್ನು ಕಡತ ಹೇಳುತ್ತದೆ. ಮೊದಲು ಏನಿತ್ತು, ಯಾವ ನಿಮಿಷದಲ್ಲಿ ಬದಲಾಯಿತು, ಎಷ್ಟು ಸಲ ಬದಲಾಯಿತು ಎಂಬುದನ್ನು ಹೇಳುವುದಿಲ್ಲ. ಸಾಲಿನ ಆರಂಭದ 8:11 ಮೂಲ ಸಂದೇಶ ಹೋದ ಹೊತ್ತು, ತಿದ್ದಿದ ಹೊತ್ತಲ್ಲ. ಹಳೆಯ ರೂಪ ಫೋನಿನಲ್ಲೂ ಕಾಣುವುದಿಲ್ಲವಾದ್ದರಿಂದ ಇದನ್ನು ಎಕ್ಸ್‌ಪೋರ್ಟಿನ ಕೊರತೆ ಎನ್ನಲಾಗದು.

ನಮ್ಮ ಪ್ರಕರಣದಲ್ಲಿ ಸುಳಿವು ಸಿಕ್ಕಿದ್ದು 302ನೇ ಮನೆಯವರಿಂದ. 1,800 ಎಂಬ ಸಾಲಿನ ಕೆಳಗೆ ಎರಡೇ ನಿಮಿಷದಲ್ಲಿ ಅವರು 1,500ರ ಮಾತೆತ್ತಿದ್ದು ಚೌಕಾಸಿಯಂತೆ ಓದಿಸಿಕೊಳ್ಳುತ್ತದೆ. ವಾಸ್ತವದಲ್ಲಿ ಅವರು ತಮ್ಮ ಮುಂದಿದ್ದ ಅಂಕಿಯನ್ನೇ ಒಪ್ಪಿದ್ದರು. ಮೊದಲು 1,500 ಎಂದು ಬರೆದು, ಟ್ಯಾಂಕರಿನವರು ಫೋನಿನಲ್ಲಿ ದರ ಏರಿಸಿದ ಮೇಲೆ ತಿದ್ದಿದ್ದಾಗಿ ಕಾರ್ಯದರ್ಶಿಗಳು ಮುಚ್ಚುಮರೆಯಿಲ್ಲದೆ ಹೇಳಿದರು. ಆದರೆ ಹದಿನೇಳರಲ್ಲಿ ಎಷ್ಟು ಹೆಬ್ಬೆಟ್ಟುಗಳು 1,500ಕ್ಕೆ, ಎಷ್ಟು 1,800ಕ್ಕೆ? ಫೋನಿನಲ್ಲಿ ಪ್ರತಿಕ್ರಿಯೆಯನ್ನು ಮುಟ್ಟಿದರೆ ಹೆಸರುಗಳು ಬರುತ್ತವೆ, ಒತ್ತಿದ ಹೊತ್ತು ಬರುವುದಿಲ್ಲ. ಅರವತ್ತು ಲೋಡಿಗೆ ತಲಾ ಮುನ್ನೂರು ರೂಪಾಯಿಯಂತೆ ರೂ. 18,000 ವ್ಯತ್ಯಾಸವನ್ನು ಕೊನೆಗೆ ಸಭೆ ಕರೆದು, ಕೈಯೆತ್ತಿಸಿ ಒಪ್ಪಿಸಬೇಕಾಯಿತು.

ಮೂರನೆಯ ಸಾಲು ನನ್ನನ್ನೇ ಮೋಸಗೊಳಿಸಿತ್ತು. 105ನೇ ಮನೆಯವರು ಟ್ಯಾಂಕರಿಗೆ ಸಮ್ಮತಿಸಿದ್ದಾರೆಂದು ನಾನು ಟಿಪ್ಪಣಿಯಲ್ಲಿ ಬರೆದುಕೊಂಡಿದ್ದೆ. ಅವರು ಉತ್ತರಿಸಿದ್ದು ಅದೇ ದಿನ ಬೆಳಿಗ್ಗೆ ಲಿಫ್ಟ್ ದುರಸ್ತಿಯ ಬಗ್ಗೆ ಬಂದಿದ್ದ ಸಂದೇಶವನ್ನು ಉಲ್ಲೇಖಿಸಿ. ಆ ಉಲ್ಲೇಖದ ಚೌಕ ಪರದೆಯ ಮೇಲೆ ಸ್ಪಷ್ಟವಾಗಿದೆ, ಕಡತದಲ್ಲಿ ಉದುರಿಹೋಗಿದೆ. ಯಾವ ಮಾತಿಗೆ ಯಾವ ಉತ್ತರ ಎಂಬ ಕೊಂಡಿ ತಪ್ಪಿದರೆ, ಕಾಲಾನುಕ್ರಮವೇ ಸುಳ್ಳು ಸಾಕ್ಷಿ ಹೇಳುತ್ತದೆ. ಇಂತಹ ಸಾಲುಗಳಲ್ಲಿ ಅನುಮಾನಕ್ಕೆ ಆಸ್ಪದ ಕೊಡುವುದು ಸಮಯದ ಅಂತರವೊಂದೇ: ಇಪ್ಪತ್ತೇಳು ನಿಮಿಷಗಳ ನಂತರ ಬಂದ ಒಂಟಿ "ಸರಿ"ಯನ್ನು ನಾನು ಈಗ ಫೋನಿನಲ್ಲಿ ನೋಡದೆ ನಂಬುವುದಿಲ್ಲ.

ಮತಗಣನೆಯ ಪೋಲ್ ಇಟ್ಟರೆ ಆದೀತು ಎಂದು ನಾವು ಆಮೇಲೆ ಯೋಚಿಸಿದೆವು. ನನ್ನ ಕಡತಗಳಲ್ಲಿ ಪೋಲಿನ ಪ್ರಶ್ನೆ, ಆಯ್ಕೆಗಳು, ಪ್ರತಿ ಆಯ್ಕೆಯ ಎದುರು ಮತಗಳ ಸಂಖ್ಯೆ ಇಷ್ಟು ಬಂದಿವೆ. ಯಾರು ಯಾವುದಕ್ಕೆ ಮತ ಹಾಕಿದರು ಎಂಬುದು ಬಂದಿಲ್ಲ. ಮೇಲಾಗಿ ಆ ಸಂಖ್ಯೆ ಎಕ್ಸ್‌ಪೋರ್ಟ್ ಮಾಡಿದ ಕ್ಷಣದ್ದು. ನಂತರ ಯಾರಾದರೂ ಮನಸ್ಸು ಬದಲಿಸಿದರೆ ಮುಂದಿನ ಕಡತದಲ್ಲಿ ಅದೇ ಪೋಲಿಗೆ ಬೇರೆ ಮೊತ್ತ ಇರುತ್ತದೆ. ಮನೆಗೊಂದು ಮತ ಎಂಬ ನಿಯಮವಿರುವ ಸಂಘದಲ್ಲಿ, ಗಂಡ ಹೆಂಡತಿ ಇಬ್ಬರೂ ಮತ ಹಾಕಿದ್ದಾರೆಯೇ ಎಂದು ತಿಳಿಯಲು ಹೆಸರುಗಳಿಲ್ಲದ ಮೊತ್ತ ನೆರವಾಗದು.

ಲೈವ್ ಲೊಕೇಶನ್ ಹಾಗೂ ಸಂಪರ್ಕ ಕಾರ್ಡ್‌ಗಳು ನಮ್ಮನ್ನು ಅಷ್ಟಾಗಿ ಕಾಡಿಲ್ಲ. ಒಂದೇ ಸ್ಥಳವನ್ನು ಹಂಚಿಕೊಂಡಿದ್ದರೆ ನಕ್ಷೆಯ ಕೊಂಡಿ ಅಂಕಿಗಳ ಸಮೇತ ಉಳಿಯುತ್ತದೆ. ಲೈವ್ ಆಗಿ ಹಂಚಿದ್ದರೆ ಹಂಚಲಾಯಿತು ಎಂಬ ಸಾಲಷ್ಟೇ ಉಳಿದು, ಟ್ಯಾಂಕರ್ ಎಲ್ಲೆಲ್ಲಿ ನಿಂತಿತು, ಎಷ್ಟು ಹೊತ್ತಿಗೆ ತಲುಪಿತು ಎಂಬ ಜಾಡು ಇರುವುದಿಲ್ಲ. ಸಂಪರ್ಕ ಕಾರ್ಡಿನೊಳಗಿನ ಫೋನ್ ಸಂಖ್ಯೆ ಪಠ್ಯಕ್ಕೆ ಇಳಿಯುವುದಿಲ್ಲ; ಅದು ಪ್ರತ್ಯೇಕವಾದ .vcf ಕಡತದಲ್ಲಿರುವುದರಿಂದ ಚಿತ್ರಗಳ ಸಮೇತ ತೆಗೆದಾಗ ಮಾತ್ರ ಕೈಗೆ ಸಿಗುತ್ತದೆ. ಪ್ಲಂಬರ್ ಸಂಖ್ಯೆಗಾಗಿ ಹಳೆಯ ಕಡತವನ್ನು ಜಾಲಾಡಿ ಸೋತ ಮೇಲೆ ನಾನಿದನ್ನು ಕಲಿತೆ.

ಈಗ ನಮ್ಮಲ್ಲಿ ಹಣದ ನಿರ್ಧಾರಕ್ಕೆ ಹೆಬ್ಬೆಟ್ಟು ಲೆಕ್ಕಕ್ಕಿಲ್ಲ. ಒಪ್ಪುವವರು ಮನೆಯ ಸಂಖ್ಯೆ, ವಿಷಯ, ಮೊತ್ತ ಮೂರನ್ನೂ ಅಕ್ಷರದಲ್ಲಿ ಬರೆಯುತ್ತಾರೆ: "204, ಟ್ಯಾಂಕರ್, 1,800, ಒಪ್ಪಿಗೆ." ಮೊತ್ತ ಬದಲಾದರೆ ಹಳೆಯ ಸಂದೇಶವನ್ನು ತಿದ್ದದೆ ಹೊಸದನ್ನು ಕಳುಹಿಸುತ್ತಾರೆ. ಪೋಲ್ ಮುಗಿದ ರಾತ್ರಿ ಮತದಾರರ ಹೆಸರಿನ ಪರದೆಯ ಚಿತ್ರ ತೆಗೆದು, ಅದೇ ಪಟ್ಟಿಯನ್ನು ನಾನು ಗುಂಪಿನಲ್ಲಿ ಟೈಪಿಸಿ ಹಾಕುತ್ತೇನೆ. ಪಠ್ಯವಾದದ್ದು ಕಡತಕ್ಕೆ ತಾನಾಗಿ ಸೇರುತ್ತದೆ. ಕಡತದಲ್ಲಿ ಹೆಸರುಗಳು ನನ್ನ ಫೋನಿನ ಸಂಪರ್ಕ ಪಟ್ಟಿಯಂತೆ ಬರುವುದರಿಂದ, ಪ್ರತಿಯೊಬ್ಬರನ್ನೂ ಮನೆಯ ಸಂಖ್ಯೆಯಿಂದಲೇ ಉಳಿಸಿಕೊಂಡಿದ್ದೇನೆ.

ಐದಕ್ಕೆ ಮೂರು ಅಂಕ ಕೊಡುತ್ತೇನೆ. ಬಿಟ್ಟದ್ದನ್ನು ಬಿಟ್ಟಿದ್ದೇವೆ ಎಂದು ಪ್ರತಿಕ್ರಿಯೆಗೂ ಉಲ್ಲೇಖಕ್ಕೂ ಒಂದೊಂದು ಗುರುತು ಹಾಕಿದ್ದರೆ ನಾಲ್ಕು ಕೊಡುತ್ತಿದ್ದೆ. ಹೊಸದಾಗಿ ಆರಂಭಿಸುವವರು ಇನ್ನೊಂದನ್ನು ನೋಡಿಕೊಳ್ಳಬೇಕು: 2025ರಲ್ಲಿ ಬಂದ Advanced chat privacy ಎಂಬ ಆಯ್ಕೆ ಗುಂಪಿನಲ್ಲಿ ಚಾಲೂ ಇದ್ದರೆ ಎಕ್ಸ್‌ಪೋರ್ಟ್ ಮಾಡಲಾಗುವುದೇ ಇಲ್ಲ. ಆದ್ದರಿಂದ ತ್ರೈಮಾಸಿಕದ ಕೊನೆಯ ದಿನಕ್ಕೆ ಕಾಯದೆ, ಒಂದು ವಾರ ಮೊದಲೇ ಒಮ್ಮೆ ತೆಗೆದು ನೋಡುತ್ತೇನೆ.