ಹಿಂಜ್‌ನಲ್ಲಿ ಎರಡು ವರ್ಷ: ಮೂರು ಉತ್ತರ ಮತ್ತು ಒಂದು ಡಬ್ಬಿ ಅಪ್ಪೆಮಿಡಿ

ಹಿಂಜ್ ಡೇಟಿಂಗ್ ಆ್ಯಪನ್ನು ಎರಡು ವರ್ಷಕ್ಕಿಂತ ಜಾಸ್ತಿ ಬಳಸಿದ್ದೇನೆ. ದುಡ್ಡು ಕೊಟ್ಟಿಲ್ಲ, ಉಚಿತ ಖಾತೆಯೇ. ನನ್ನ ಊರು ಸಾಗರದ ಹತ್ತಿರ, ಕೆಲಸ ಬೆಂಗಳೂರಿನಲ್ಲಿ, ವಯಸ್ಸು 31. ಈ ವಿಮರ್ಶೆಯಲ್ಲಿ ಇಡೀ ಆ್ಯಪ್ ಬಗ್ಗೆ ಹೇಳುವುದಿಲ್ಲ. ಅದರಲ್ಲಿ ಒಂದೇ ಒಂದು ಭಾಗ ನನ್ನ ಅನುಭವವನ್ನು ಪೂರ್ತಿ ಬದಲಾಯಿಸಿತು. ಅದರ ಬಗ್ಗೆ ಮಾತ್ರ ಬರೆಯುತ್ತೇನೆ. ಅದು ಪ್ರಾಂಪ್ಟ್.

ಬಳಸದವರಿಗೆ ಸ್ವಲ್ಪ ವಿವರ. ಪ್ರೊಫೈಲ್ ಮಾಡುವಾಗ ಆ್ಯಪ್ ಪ್ರಾಂಪ್ಟ್‌ಗಳ ಒಂದು ಉದ್ದನೆ ಪಟ್ಟಿ ಕೊಡುತ್ತದೆ. ಎಲ್ಲವೂ ಅರ್ಧ ವಾಕ್ಯ ಅಥವಾ ಪುಟ್ಟ ಶೀರ್ಷಿಕೆಗಳು. ಅದರಲ್ಲಿ ಮೂರನ್ನು ಆರಿಸಿಕೊಂಡು ಉತ್ತರ ಬರೆಯಬೇಕು. ಒಂದೊಂದಕ್ಕೆ 150 ಅಕ್ಷರ ಮಿತಿ. ನಿಮ್ಮ ಫೋಟೋಗಳ ನಡುನಡುವೆ ಈ ಉತ್ತರಗಳು ದೊಡ್ಡ ಅಕ್ಷರದಲ್ಲಿ ಕಾಣುತ್ತವೆ. ನೋಡುವವರು ಇಡೀ ಪ್ರೊಫೈಲನ್ನು ಲೈಕ್ ಮಾಡುವುದಿಲ್ಲ. ಒಂದು ಫೋಟೋ ಅಥವಾ ಒಂದು ಉತ್ತರದ ಪಕ್ಕದಲ್ಲಿರುವ ಹೃದಯದ ಗುರುತು ಒತ್ತುತ್ತಾರೆ, ಬೇಕಿದ್ದರೆ ಅಲ್ಲೇ ಒಂದು ಸಾಲು ಬರೆಯುತ್ತಾರೆ. ನಿಮಗೆ ಬರುವುದು ಆ ಸಾಲು, ಜೊತೆಗೆ ಅದು ಯಾವುದರ ಮೇಲೆ ಬಂತು ಎಂಬ ವಿವರ.

ಈ ವ್ಯವಸ್ಥೆ ನನಗೆ ಅರ್ಥವಾಗಲು ನಾಲ್ಕು ತಿಂಗಳು ಬೇಕಾಯಿತು. ಪ್ರಾಂಪ್ಟ್ ಅಂದರೆ ನನ್ನ ಗುಣಗಳ ಪಟ್ಟಿ ಅಂತ ನಾನು ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಅದು ಎದುರಿನವರು ನನ್ನ ಜೊತೆ ಮಾತು ಶುರು ಮಾಡಲು ನಾನೇ ಇಡಬೇಕಾದ ಒಂದು ಹಿಡಿ. ಹಿಡಿ ಇಲ್ಲದ ಬಾಣಲೆಯನ್ನು ಯಾರೂ ಎತ್ತುವುದಿಲ್ಲ, ಅಲ್ವಾ?

ಮೊದಲ ನಾಲ್ಕು ತಿಂಗಳು ನನ್ನ ಉತ್ತರಗಳು ಹೀಗಿದ್ದವು. ಭಾನುವಾರದ ಬಗ್ಗೆ ಕೇಳುವ Typical Sunday ಎಂಬುದಕ್ಕೆ "ಒಳ್ಳೆ ಊಟ, ಒಂದು ಸಿನಿಮಾ, ಆರಾಮ". ಹಠಾತ್ತನೆ ಮಾಡಿದ್ದೇನು ಎಂಬುದಕ್ಕೆ "ನನಗೆ ಸಾಹಸ ಅಂದರೆ ಇಷ್ಟ, ಯಾವಾಗ ಕರೆದರೂ ಪ್ರವಾಸಕ್ಕೆ ರೆಡಿ". ಮೂರನೆಯದಕ್ಕೆ "ನಾನು ತುಂಬಾ ಈಸಿಗೋಯಿಂಗ್, ಎಲ್ಲರ ಜೊತೆ ಹೊಂದಿಕೊಳ್ಳುತ್ತೇನೆ". ಇದರಲ್ಲಿ ಒಂದೂ ಸುಳ್ಳಲ್ಲ. ಆದರೆ ಬಂದ ಕೆಲವೇ ಲೈಕ್‌ಗಳು ಎಲ್ಲವೂ ಫೋಟೋ ಮೇಲೆ. ಉತ್ತರದ ಮೇಲೆ ಒಂದು ಮಾತೂ ಬರಲಿಲ್ಲ.

ನಮ್ಮ ಮದುವೆ ಬಯೋಡೇಟಾಗಳಲ್ಲಿ "ಸರಳ ಸ್ವಭಾವ, ಹೊಂದಿಕೊಂಡು ಹೋಗುವವರು" ಅಂತ ಬರೆಯುತ್ತಾರಲ್ಲ, ಇದೂ ಅದೇ. ಅಲ್ಲಿ ನಡೆಯುತ್ತದೆ. ಯಾಕೆಂದರೆ ಬಯೋಡೇಟಾ ಹಿಡಿದುಕೊಂಡು ಸೋದರಮಾವನೋ ಅತ್ತೆಯೋ ಇನ್ನೊಂದು ಮನೆಗೆ ಹೋಗಿ ಕೂತು ಉಳಿದ ಕಥೆ ಹೇಳುತ್ತಾರೆ. ಆ್ಯಪಿನಲ್ಲಿ ಮಾವ ಇಲ್ಲ. ಆ 150 ಅಕ್ಷರವೇ ಎಲ್ಲ ಹೇಳಬೇಕು.

ಬದಲಾವಣೆ ಶುರುವಾದದ್ದು ಉಪ್ಪಿನಕಾಯಿಯಿಂದ. ಆ ತಿಂಗಳು ನನ್ನ ರೂಮಿಗೆ ಹೊಸಬನೊಬ್ಬ ಬಂದಿದ್ದ. ಅಮ್ಮ ಕಳಿಸಿದ್ದ ಒಂದು ಡಬ್ಬಿ ಉಪ್ಪಿನಕಾಯಿಯನ್ನು ಅವನು ಮೂರೇ ದಿನದಲ್ಲಿ ಖಾಲಿ ಮಾಡಿದ. ನನಗೆ ಸಿಟ್ಟು ಬರಲಿಲ್ಲ. ಅಮ್ಮನಿಗೆ ಫೋನ್ ಮಾಡಿ, ಇನ್ನು ಮೇಲೆ ಎರಡು ಡಬ್ಬಿ ಕಳಿಸು ಅಂದೆ. ಇದನ್ನು ಆಫೀಸಿನಲ್ಲಿ ಹೇಳಿದಾಗ ನಮ್ಮ ಟೀಮಿನ ಅಕ್ಕ ಒಬ್ಬರು, "ಇದನ್ನೇ ಹಾಕೋ ಅಲ್ಲಿ. ಈಸಿಗೋಯಿಂಗ್ ಅಂತ ಬರೆಯೋ ಬದ್ಲು ಇದೇ ಸಾಕು" ಅಂದರು.

ಮೊದಲು ಬರೆದದ್ದು ಹೀಗಿತ್ತು: "ಹೊಸ ರೂಮ್‌ಮೇಟ್ ನನ್ನ ಉಪ್ಪಿನಕಾಯಿ ಪೂರ್ತಿ ತಿಂದ. ನಾನು ಬೈಯಲಿಲ್ಲ, ಯಾಕೆಂದರೆ ನಾನು ಈಸಿಗೋಯಿಂಗ್." ಅಕ್ಕನಿಗೆ ತೋರಿಸಿದೆ. ಅವರು ಎರಡು ತಪ್ಪು ಹಿಡಿದರು. ಒಂದು, ಕೊನೆಯ ತೀರ್ಪು. ಕಥೆ ಓದಿದವರು ತಾವೇ ಆ ತೀರ್ಮಾನಕ್ಕೆ ಬರಬೇಕು. ನಾನೇ ಹೇಳಿಬಿಟ್ಟರೆ ಅದು ಮತ್ತೆ ಜಂಬದ ಮಾತಾಗುತ್ತದೆ. ಇನ್ನೊಂದು, ಬರೀ "ಉಪ್ಪಿನಕಾಯಿ". ಯಾವ ಉಪ್ಪಿನಕಾಯಿ ಅಂತ ಹೇಳು ಅಂದರು.

ಆಮೇಲೆ ಬರೆದದ್ದು ಇದು: "ಅಮ್ಮ ಕಳಿಸಿದ ಅಪ್ಪೆಮಿಡಿಯನ್ನು ಹೊಸ ರೂಮ್‌ಮೇಟ್ ಮೂರೇ ದಿನದಲ್ಲಿ ಮುಗಿಸಿದ. ಅಮ್ಮನಿಗೆ ಫೋನ್ ಮಾಡಿ, ಮುಂದಿನ ಸಲ ಎರಡು ಡಬ್ಬಿ ಅಂದೆ." ಆ್ಯಪಿನಲ್ಲಿ ಇದು ಇಂಗ್ಲಿಷ್‌ನಲ್ಲಿತ್ತು. ಅಪ್ಪೆಮಿಡಿ ಎಂಬ ಪದ ಮಾತ್ರ ಹಾಗೇ ಉಳಿಸಿದೆ.

ಆ ಒಂದು ಪದದ ಕೆಲಸ ನೋಡಿ ನನಗೇ ಆಶ್ಚರ್ಯವಾಯಿತು. ಮಲೆನಾಡಿನವರು "ನಿಮ್ಮೂರು ಯಾವ್ದು? ಸಿರ್ಸಿನಾ, ಸಾಗರಾನಾ?" ಅಂತ ಕೇಳಿದರು. ಗೊತ್ತಿಲ್ಲದವರು ಅದೇನು ಅಂತ ಕೇಳಿದರು. ಸಣ್ಣ ಮಾವಿನಕಾಯಿಯನ್ನು ಬಲಿಯುವ ಮುಂಚೆಯೇ ಕೊಯ್ದು, ತೊಟ್ಟಿನ ಸಮೇತ ಉಪ್ಪಿಗೆ ಹಾಕುತ್ತಾರೆ, ಅದರ ಸೊನೆಗೇ ಒಂದು ಪರಿಮಳ ಇದೆ ಅಂತ ನಾನು ಹೇಳುವಷ್ಟರಲ್ಲಿ ಮಾತು ಎಲ್ಲಿಂದ ಎಲ್ಲಿಗೋ ಹೋಗಿರುತ್ತಿತ್ತು. ಬರೀ "ಪಿಕಲ್" ಅಂತ ಬರೆದಿದ್ದರೆ ಈ ಎರಡು ಪ್ರಶ್ನೆಯೂ ಹುಟ್ಟುತ್ತಿರಲಿಲ್ಲ.

ಎರಡನೆಯದು ಸಾಹಸದ ಮಾತು. ಸಾಹಸ ಇಷ್ಟ ಅನ್ನುವವನು ಕೊನೆಯ ಸಲ ಏನು ಮಾಡಿದ ಅಂತ ನನ್ನನ್ನೇ ಕೇಳಿಕೊಂಡೆ. ಬಂಗೀ ಜಂಪ್ ಏನೂ ಮಾಡಿಲ್ಲ. ಆದರೆ ಇದು ನಡೆದಿತ್ತು: "ಗೆಳೆಯನನ್ನು ಬಸ್ ಹತ್ತಿಸಲು ರಾತ್ರಿ 11ಕ್ಕೆ ಮೆಜೆಸ್ಟಿಕ್‌ಗೆ ಹೋದೆ. ಅವನ ಜೊತೆ ನಾನೂ ಹತ್ತಿದೆ. ಬೆಳಿಗ್ಗೆ ಚಿಕ್ಕಮಗಳೂರಲ್ಲಿ ಟೂತ್‌ಬ್ರಷ್ ಕೊಂಡೆ." ಇದರಲ್ಲಿ ಮುಳ್ಳಯ್ಯನಗಿರಿಗೆ ಹೋದದ್ದು, ಮಂಜಿನಲ್ಲಿ ಹತ್ತು ಅಡಿ ಮುಂದೆ ಏನೂ ಕಾಣದೆ ನಿಂತದ್ದು, ಚಪ್ಪಲಿಯಲ್ಲೇ ಮೆಟ್ಟಿಲು ಹತ್ತಿದ್ದು ಯಾವುದೂ ಇಲ್ಲ. ಬೇಕಂತಲೇ ಬಿಟ್ಟೆ. ಕಥೆ ಟೂತ್‌ಬ್ರಷ್‌ಗೆ ನಿಂತರೆ "ಆಮೇಲೆ ಎಲ್ಲಿಗೆ ಹೋದ್ರಿ?" ಅಂತ ಕೇಳಲು ಜಾಗ ಇರುತ್ತದೆ. ಎಲ್ಲ ಹೇಳಿ ಮುಗಿಸಿದ ಕಥೆಗೆ ಜನ "ಸೂಪರ್" ಅಂದು ಸುಮ್ಮನಾಗುತ್ತಾರೆ.

ಯಾವ ಉತ್ತರ ಕೆಲಸ ಮಾಡುತ್ತಿದೆ ಅಂತ ನಾನು ಕಂಡುಕೊಂಡದ್ದು ಹೀಗೆಯೇ. ಬಂದ ಸಾಲಿನಲ್ಲಿ ನನ್ನ ಉತ್ತರದ ಒಂದು ಪದ ವಾಪಸ್ ಬಂದಿದೆಯಾ ಅಂತ ನೋಡುತ್ತಿದ್ದೆ. ಅಪ್ಪೆಮಿಡಿ, ಟೂತ್‌ಬ್ರಷ್, ಮೆಜೆಸ್ಟಿಕ್, ಹೀಗೆ ಯಾವುದಾದರೂ ಬಂದಿದ್ದರೆ ಅವರು ಓದಿದ್ದಾರೆ ಅಂತ ಅರ್ಥ. ಬರೀ ನಗುವ ಗುರುತು ಬಂದಿದ್ದರೆ ಕಥೆ ಚೆನ್ನಾಗಿದೆ, ಆದರೆ ಬಾಗಿಲು ಮುಚ್ಚಿದೆ. ಎಲ್ಲ ಲೈಕೂ ಫೋಟೋ ಮೇಲೆಯೇ ಬರುತ್ತಿದ್ದರೆ ಮೂರು ಉತ್ತರವನ್ನೂ ಮತ್ತೆ ಬರೆಯುವುದು ಒಳ್ಳೆಯದು. ನಾನು ಒಂದು ಸಲಕ್ಕೆ ಒಂದೇ ಉತ್ತರ ಬದಲಾಯಿಸಿ, ಮೂರು ವಾರ ಬಿಡುತ್ತಿದ್ದೆ. ಮೂರನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಏನಾಯಿತು ಅಂತ ಗೊತ್ತಾಗುವುದಿಲ್ಲ.

ಭಾನುವಾರದ ಉತ್ತರದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ವಿವರ ಬೇಕು ಅಂತ ನಾನು ಪ್ರತಿ ಭಾನುವಾರ ದೋಸೆ ತಿನ್ನುವ ದರ್ಶಿನಿಯ ಹೆಸರು, ಬಡಾವಣೆ, ಎಂಟೂವರೆ ಗಂಟೆ ಎಲ್ಲ ಬರೆದೆ. ಅದೇ ಅಕ್ಕ ನೋಡಿದ ಕೂಡಲೇ ಹೇಳಿದರು: "ಹುಡುಗಿಯರು ಹೀಗೆ ಯಾವತ್ತೂ ಬರೆಯಲ್ಲ. ನೀನು ಎಲ್ಲಿ, ಎಷ್ಟು ಹೊತ್ತಿಗೆ ಸಿಗ್ತೀಯ ಅಂತ ಊರಿಗೆಲ್ಲ ಹೇಳಿದಂಗಾಯ್ತು." ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಆ ದಿನವೇ ತೆಗೆದೆ. ವಿವರ ಇರಬೇಕಾದದ್ದು ವಸ್ತುವಿನಲ್ಲಿ, ನಡೆದ ಸಂಗತಿಯಲ್ಲಿ. ನೀವು ದಿನಾ ಓಡಾಡುವ ವಿಳಾಸ ಮತ್ತು ಸಮಯದಲ್ಲಿ ಅಲ್ಲ. ಹೆಣ್ಣುಮಕ್ಕಳಿಗಂತೂ ಇದು ಕಡ್ಡಾಯ. ಜಿಮ್, ಪಿ.ಜಿ., ವಾಕಿಂಗ್ ಹೋಗುವ ಪಾರ್ಕ್, ಯಾವುದರ ಹೆಸರೂ ಬೇಡ. ಒಮ್ಮೆ ಹೋಗಿ ಬಂದ ಚಿಕ್ಕಮಗಳೂರಿನ ಹೆಸರು ಹಾಕಿದರೆ ತೊಂದರೆಯಿಲ್ಲ.

ಅದರ ಜಾಗದಲ್ಲಿ ಕನ್ನಡದಲ್ಲೇ ಬರೆದೆ: "ಭಾನುವಾರ ಮಾರ್ಕೆಟ್‌ನಿಂದ ಹೆಸರು ಗೊತ್ತಿಲ್ಲದ ಒಂದು ಸೊಪ್ಪು ತರುತ್ತೇನೆ. ಅಮ್ಮನಿಗೆ ಫೋಟೋ ಕಳಿಸುತ್ತೇನೆ. ಅಮ್ಮ ಹೇಳಿದ್ದೇ ಮಧ್ಯಾಹ್ನದ ಅಡುಗೆ." ಕನ್ನಡದಲ್ಲಿ ಬರೆದ ಮೇಲೆ ಒಟ್ಟು ಲೈಕ್ ಕಡಿಮೆಯಾಯಿತು. ನನಗೆ ಅದರಿಂದ ಬೇಜಾರಾಗಲಿಲ್ಲ. ಕನ್ನಡ ಓದುವವರ ಜೊತೆ ಮಾತಾಡಬೇಕು ಅನ್ನುವುದೇ ನನ್ನ ಆಸೆಯಾಗಿತ್ತು.

ಅದಕ್ಕೆ ಒಬ್ಬ ಹುಡುಗಿಯಿಂದ ಬಂದ ಒಂದು ಸಾಲು: "ಹೋದ ವಾರ ಯಾವ ಸೊಪ್ಪು?"

ಕಟ್ಟುಕಥೆಯಾಗಿದ್ದರೆ ನಾನು ಅಲ್ಲೇ ತಡವರಿಸುತ್ತಿದ್ದೆ. ಆದರೆ ಫೋಟೋ ಫೋನಿನಲ್ಲೇ ಇತ್ತು. ಅದು ಹೊನಗೊನ್ನೆ, ಬೇಳೆ ಹಾಕಿ ಪಲ್ಯ ಮಾಡು ಅಂತ ಅಮ್ಮ ಕಳಿಸಿದ ಧ್ವನಿ ಸಂದೇಶವೂ ಇತ್ತು. ನಾನು ಹೊನಗೊನ್ನೆ ಅಂತ ಬರೆದೆ. "ನಮ್ಮ ಮಂಡ್ಯದ ಕಡೆ ಆದ್ರೆ ಅದಕ್ಕೆ ಉಪ್ಸಾರು ಮಾಡೋರು" ಅಂತ ಅವಳು ಬರೆದಳು. ಉಪ್ಸಾರಿಗೆ ಸೊಪ್ಪು, ಕಾಳು ಬೇಯಿಸಿದ ನೀರನ್ನು ಬಸಿದಿಟ್ಟುಕೊಳ್ಳಬೇಕು, ಖಾರ ಬೇರೆ ರುಬ್ಬಿ ಪಕ್ಕದಲ್ಲಿ ಇಡಬೇಕು ಅಂತ ಆ ರಾತ್ರಿ ಕಲಿತೆ. ಎರಡು ವಾರ ಮಾತಾಡಿ, ಆಮೇಲೆ ಭೇಟಿಯಾದೆವು. ಆ ಪ್ರಶ್ನೆಯನ್ನು ಬೇಕಂತಲೇ ಕೇಳಿದ್ದೆ ಅಂತ ಅವಳು ಆಮೇಲೆ ಹೇಳಿದಳು. ಚೆನ್ನಾಗಿ ಬರೆದ ಉತ್ತರಗಳನ್ನು ಎಷ್ಟೋ ಜನ ಎಲ್ಲಿಂದಲೋ ತಂದು ಹಾಕಿರುತ್ತಾರಂತೆ. ಎರಡನೇ ಪ್ರಶ್ನೆಗೇ ಅದು ಗೊತ್ತಾಗುತ್ತದೆಯಂತೆ.

ಈ ಕ್ರಮಕ್ಕೆ ಮಿತಿಗಳಿವೆ. ಮೊದಲು ಕಣ್ಣಿಗೆ ಬೀಳುವುದು ಫೋಟೋವೇ. ಮುಖ ಸರಿಯಾಗಿ ಕಾಣದ ಫೋಟೋ ಹಾಕಿದರೆ ಯಾವ ಕಥೆಯನ್ನೂ ಯಾರೂ ಓದುವುದಿಲ್ಲ. ಉಚಿತ ಖಾತೆಯಲ್ಲಿ ದಿನಕ್ಕೆ 8 ಲೈಕ್ ಮಾತ್ರ ಕಳಿಸಬಹುದು. ಅದು ನನಗೆ ಸಾಕಾಯಿತು, ಯಾಕೆಂದರೆ ನಾನೂ ಎದುರಿನವರ ಉತ್ತರ ಓದಿ, ಅದರ ಬಗ್ಗೆ ಒಂದು ಸಾಲು ಬರೆದೇ ಕಳಿಸುತ್ತಿದ್ದೆ. ದಿನಕ್ಕೆ ಮೂರು ನಾಲ್ಕು ಬರೆಯುವಷ್ಟರಲ್ಲಿ ಹೊತ್ತು ಹೋಗುತ್ತಿತ್ತು. ಎದುರಿನವರೂ "ಸಾಹಸ ಇಷ್ಟ" ಅಂತಲೇ ಬರೆದಿದ್ದರೆ ಕಷ್ಟ. ಅಂಥಲ್ಲಿ "ಕೊನೆಯ ಸಲ ಎಲ್ಲಿಗೆ ಹೋಗಿದ್ರಿ?" ಅಂತ ಕೇಳುತ್ತಿದ್ದೆ. ಕೆಲವರು ಬಹಳ ಚೆಂದದ ಕಥೆ ಹೇಳಿದರು. ಅದೇ ಕಥೆ ಅವರ ಪ್ರೊಫೈಲಿನಲ್ಲಿ ಇರಬೇಕಿತ್ತು ಅನ್ನಿಸುತ್ತಿತ್ತು.

ಕಥೆಗಳು ಹಳತೂ ಆಗುತ್ತವೆ. ರೂಮ್‌ಮೇಟ್ ಒಂದು ವರ್ಷದ ಮೇಲೆ ಪುಣೆಗೆ ಹೋದ. ಆದರೂ ಆ ಉತ್ತರವನ್ನು ಹಾಗೇ ಬಿಟ್ಟಿದ್ದೆ. "ಈಗ್ಲೂ ಎರಡು ಡಬ್ಬಿ ಬರುತ್ತಾ?" ಅಂತ ಒಬ್ಬರು ಕೇಳಿದಾಗ, ಇಲ್ಲ, ಅವನು ಹೋದ ಅಂತ ಹೇಳುವಾಗ ಮಾತಿನಲ್ಲಿ ಜೀವ ಇರಲಿಲ್ಲ. ಅವತ್ತೇ ಅದನ್ನು ತೆಗೆದು, ಆ ತಿಂಗಳಲ್ಲಿ ನಡೆದದ್ದೊಂದನ್ನು ಹಾಕಿದೆ.

ಈಗ ಏಳು ತಿಂಗಳಿಂದ ನನ್ನ ಪ್ರೊಫೈಲ್ Pause ಆಗಿದೆ. ಭಾನುವಾರದ ಸೊಪ್ಪಿನ ಫೋಟೋ ಈಗ ಸಾಗರಕ್ಕೂ ಹೋಗುತ್ತದೆ, ಮಂಡ್ಯಕ್ಕೂ ಹೋಗುತ್ತದೆ. ಎರಡು ಕಡೆಯಿಂದ ಎರಡು ಅಡುಗೆ ಬರುತ್ತದೆ.