ಆರ್ಮಿ ಅಂತ ಹೇಳಿ ಫಿಸಿಯೋ, ಯೋಗ ಸೆಷನ್ ಬುಕ್ ಮಾಡುವವರ ಬಗ್ಗೆ ಎಚ್ಚರ

ಮನೆಗೆ ಹೋಗಿ ಫಿಸಿಯೋಥೆರಪಿ ಮಾಡಲು ಹೊಸದಾಗಿ ಶುರು ಮಾಡಿದವರು, ಮನೆಮನೆಗೆ ಹೋಗಿ ಯೋಗ ಹೇಳಿಕೊಡುವವರು, ಇದನ್ನು ಒಮ್ಮೆ ಪೂರ್ತಿ ಓದಿ. ನಿಮ್ಮ ನಂಬರನ್ನು ಗೂಗಲ್ ಮ್ಯಾಪ್‌ಗೋ ಇನ್ಯಾವುದೋ ಲಿಸ್ಟಿಂಗ್‌ಗೋ ಹಾಕಿದ ಮೇಲೆ ಬರುವ ಮೊದಲ ಕೆಲವು ಕರೆಗಳಲ್ಲಿ ಇದೂ ಒಂದಾಗಿರಬಹುದು. ನನಗಂತೂ ಬಂತು. ಹತ್ತೂವರೆ ಸಾವಿರ ಹೋಯಿತು.

ಬಿಪಿಟಿ ಮುಗಿಸಿ ಸ್ವಲ್ಪ ಕಾಲ ಆಸ್ಪತ್ರೆಯಲ್ಲಿದ್ದು, ಆಮೇಲೆ ಮೈಸೂರಿನಲ್ಲಿ ನಾನೇ ಹೋಮ್ ವಿಸಿಟ್ ಶುರು ಮಾಡಿದ್ದೆ. ಕೈಯಲ್ಲಿ ಇದ್ದದ್ದು ಇಬ್ಬರೇ ಪೇಷೆಂಟ್, ಇಬ್ಬರೂ ಅಮ್ಮನಿಗೆ ಪರಿಚಯದವರು. ಅಂಥ ಹೊತ್ತಲ್ಲಿ ಹಿಂದಿಯಲ್ಲಿ ಒಂದು ಫೋನ್ ಬಂತು. ತಾನು ಆರ್ಮಿಯವನು, ಜಮ್ಮುವಿನಲ್ಲಿ ಪೋಸ್ಟಿಂಗ್, ಅಪ್ಪ ಅಮ್ಮ ಮಾತ್ರ ವಿಜಯನಗರದ ಬಾಡಿಗೆ ಮನೆಯಲ್ಲಿದ್ದಾರೆ, ಅಪ್ಪನಿಗೆ ಮಂಡಿ ಆಪರೇಷನ್ ಆಗಿದೆ ಅಂದ. ರೇಟ್ ಕೇಳಿದ. ಸೆಷನ್‌ಗೆ 700 ಅಂದೆ. "ಸರಿ ಮೇಡಂ, ಹದಿನೈದು ಸೆಷನ್ ಮಾಡಿ, ಪೂರ್ತಿ ದುಡ್ಡು ಈಗಲೇ ಕೊಡ್ತೀನಿ" ಅಂದ.

ಇಲ್ಲೇ ಒಂದು ಮಾತು. ನಮ್ಮ ಕಡೆ ಯಾವ ಮನೆಯವರೂ ನಿಮ್ಮ ಮುಖ ನೋಡದೆ ಹದಿನೈದು ಸೆಷನ್‌ಗೆ ಅಡ್ವಾನ್ಸ್ ಕೊಡುವುದಿಲ್ಲ. "ಮೊದಲು ಒಂದು ದಿನ ಬನ್ನಿ ನೋಡೋಣ" ಅಂತಾರೆ. "ಪಕ್ಕದ ರಸ್ತೆಯವರು 500ಕ್ಕೆ ಬರ್ತಾರಂತಲ್ಲ" ಅಂತಾರೆ. ಚೌಕಾಸಿಯೇ ಇಲ್ಲದ ಪೇಷೆಂಟ್ ಕಡೆಯವರು ಸಿಕ್ಕಿದರೆ ಖುಷಿಪಡುವ ಮೊದಲು ಅನುಮಾನಪಡಿ.

ಸ್ವಲ್ಪ ಹೊತ್ತಿಗೆ ವಾಟ್ಸಾಪ್‌ನಲ್ಲಿ ಐಡಿ ಕಾರ್ಡ್, ಕ್ಯಾಂಟೀನ್ ಕಾರ್ಡ್, ಯೂನಿಫಾರ್ಮ್ ಹಾಕಿದ ಫೋಟೊ ಎಲ್ಲ ಬಂತು. ಆಮೇಲೆ "ನಮ್ಮ ಅಕೌಂಟ್ಸ್ ಸಾಹೇಬರು ಮಾತಾಡ್ತಾರೆ" ಅಂತ ಇನ್ನೊಬ್ಬನಿಗೆ ಫೋನ್ ಕೊಟ್ಟ. ಆರ್ಮಿ ಅಕೌಂಟ್‌ನಿಂದ ನೇರವಾಗಿ ದುಡ್ಡು ಹಾಕೋಕೆ ಆಗಲ್ಲ, ಮೊದಲು ನಿಮ್ಮ ಅಕೌಂಟ್ ವೆರಿಫೈ ಆಗಬೇಕು, ನೀವು ಒಂದು ರೂಪಾಯಿ ಕಳಿಸಿ, ಎರಡು ರೂಪಾಯಿ ವಾಪಸ್ ಬರುತ್ತೆ ಅಂದ. ಕಳಿಸಿದೆ. ನಿಜವಾಗಿಯೂ ಎರಡು ರೂಪಾಯಿ ಬಂತು! ಈ ಎರಡು ರೂಪಾಯಿಯೇ ಅವರ ಬಂಡವಾಳ. ಒಂದು ಸಲ ದುಡ್ಡು ವಾಪಸ್ ಬಂದದ್ದನ್ನು ಕಣ್ಣಾರೆ ನೋಡಿದ ಮೇಲೆ "ಅದೇ ಥರ ಈಗ 10,500 ಹಾಕಿ, ಅದೂ ನಿಮ್ಮ ಫೀಸೂ ಸೇರಿ 21,000 ಬರುತ್ತೆ" ಅಂದಾಗ ವಿಚಿತ್ರ ಅನಿಸುವುದಿಲ್ಲ. ಜೊತೆಗೆ ಅವನು ಫೋನ್ ಇಡಲು ಬಿಡುವುದೇ ಇಲ್ಲ. ಲೈನ್ ಕಟ್ ಮಾಡಬೇಡಿ, ಸರ್ವರ್ ಟೈಮ್ ಮುಗಿಯುತ್ತೆ, ಬೇಗ ಮೇಡಂ ಬೇಗ ಅಂತ ಒಂದೇ ಸಮನೆ ಹೇಳುತ್ತಲೇ ಇರುತ್ತಾನೆ. ಪಕ್ಕದಲ್ಲಿದ್ದವರನ್ನು ಒಂದು ಮಾತು ಕೇಳಲೂ ಪುರುಸೊತ್ತು ಕೊಡಲ್ಲ.

10,500 ಹೋಯಿತು. ಏನೂ ಬರಲಿಲ್ಲ. "ಟ್ರಾನ್ಸಾಕ್ಷನ್ ಸಿಕ್ಕಿಹಾಕಿಕೊಂಡಿದೆ, ಇನ್ನೊಂದು ಸಲ ಅಷ್ಟೇ ಹಾಕಿದರೆ ಎರಡೂ ಒಟ್ಟಿಗೆ ಬಿಡುಗಡೆ ಆಗುತ್ತೆ" ಅಂದ. ನನ್ನ ಅಕೌಂಟ್‌ನಲ್ಲಿ ಅಷ್ಟು ಇರಲಿಲ್ಲ. ಇಲ್ಲ ಅಂದ ಕೂಡಲೇ ದನಿ ಬದಲಾಯಿತು. "ಮನೆಯವರ ಹತ್ತಿರ ಇಸ್ಕೊಳ್ಳಿ, ಫೌಜಿಯನ್ನು ನಂಬಲ್ವಾ?" ಅಂತ ಗದರಿದ. ನಾನು ಫೋನ್ ಇಟ್ಟೆ.

ವಿಷಯ ಇಷ್ಟೇ. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಒತ್ತುವ ಅಗತ್ಯವೇ ಇಲ್ಲ. ಕ್ಯೂಆರ್ ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ. ನಿಮ್ಮ ನಂಬರ್ ಅಥವಾ ಯುಪಿಐ ಐಡಿ ಇದ್ದರೆ ಸಾಕು. ದುಡ್ಡು ಕಳಿಸುವಾಗ ಪಿನ್ ಹಾಕುವ ಪರದೆಯಲ್ಲಿ ಎಷ್ಟು ಮೊತ್ತ, ಯಾರಿಗೆ ಅಂತ ಬರೆದಿರುತ್ತೆ, ಅದನ್ನು ಓದಿ. ಇನ್ನು ಆರ್ಮಿಯಲ್ಲಿರುವವರು ಮನೆಯವರ ಚಿಕಿತ್ಸೆಗೆ ದುಡ್ಡು ಕೊಡುವುದು ನಮ್ಮ ನಿಮ್ಮ ಹಾಗೆಯೇ, ಸ್ವಂತ ಬ್ಯಾಂಕ್ ಖಾತೆಯಿಂದ. ದುಡ್ಡು ಪಡೆಯಬೇಕಾದವರೇ ಮೊದಲು ಕಳಿಸಿ ಆಮೇಲೆ ವಾಪಸ್ ಪಡೆಯುವ ಉಲ್ಟಾ ಪಾವತಿ ಅಂತ ಒಂದು ವ್ಯವಸ್ಥೆಯೇ ಇಲ್ಲ.

ಇದರದ್ದೇ ಇನ್ನೊಂದು ರೂಪ ಯೋಗ ಹೇಳಿಕೊಡುವ ಗೆಳತಿಗೆ ಬಂತು. ಕ್ವಾರ್ಟರ್ಸ್‌ನ ಹೆಂಗಸರಿಗೆ ಬೆಳಗಿನ ಬ್ಯಾಚ್ ಬೇಕು ಅಂದವನು, 6,000 ಹಾಕುವ ಬದಲು ತಪ್ಪಿ 60,000 ಹಾಕಿಬಿಟ್ಟೆ, ಉಳಿದದ್ದು ವಾಪಸ್ ಕಳಿಸಿ ಅಂತ ಗೋಳಾಡಿದ. ಖಾತೆಗೆ ಜಮಾ ಆಗಿದೆ ಅಂತ ಮೆಸೇಜೂ ಬಂದಿತ್ತು. ಆದರೆ ಅದು ಬಂದದ್ದು ಹತ್ತು ಅಂಕಿಯ ಮಾಮೂಲಿ ಮೊಬೈಲ್ ನಂಬರಿನಿಂದ, ಬ್ಯಾಂಕಿನ ಹೆಸರಲ್ಲಲ್ಲ. ಅವಳು ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಿದಳು. ಒಂದು ಪೈಸೆ ಬಂದಿರಲಿಲ್ಲ. ಬಚಾವಾದಳು.

ಈಗ ನಾನು ಹೊಸ ಕರೆ ಬಂದರೆ ದುಡ್ಡಿನ ಮಾತಿಗೆ ಮೊದಲು ಪೇಷೆಂಟ್ ಬಗ್ಗೆ ಕೇಳುತ್ತೇನೆ. ಇದು ಹೇಗಿದ್ದರೂ ಕೇಳಲೇಬೇಕಾದ್ದು, ಮೋಸಗಾರನೂ ಇಲ್ಲೇ ಎಡವುತ್ತಾನೆ. ಮಂಡಿ ಬದಲಾಯಿಸಿದ ಕೇಸ್ ಅಂತಿಟ್ಟುಕೊಳ್ಳಿ. ಯಾವ ಕಾಲು? ಆಪರೇಷನ್ ಆಗಿ ಎಷ್ಟು ದಿನ? ಹೊಲಿಗೆ ಅಥವಾ ಸ್ಟೇಪಲ್ ತೆಗೆದಾಯ್ತಾ (ಸಾಮಾನ್ಯವಾಗಿ ಎರಡು ವಾರದ ಆಸುಪಾಸಿನಲ್ಲಿ ತೆಗೆಯುತ್ತಾರೆ)? ವಾಕರ್ ಹಿಡಿದು ಬಾತ್‌ರೂಮಿಗೆ ಹೋಗ್ತಾರಾ? ರಕ್ತ ತೆಳುವಾಗುವ ಮಾತ್ರೆ ನಡೀತಿದೆಯಾ? ಮೀನಖಂಡದಲ್ಲಿ ಊತ, ನೋವು ಇದೆಯಾ? ಕೊನೆಯದು ಪೇಷೆಂಟ್ ಸಲುವಾಗಿಯೇ ತುಂಬಾ ಮುಖ್ಯ. ಹೌದು ಅಂದರೆ ರಕ್ತ ಹೆಪ್ಪುಗಟ್ಟಿರಬಹುದು, ವ್ಯಾಯಾಮ ಶುರು ಮಾಡದೆ ಮೊದಲು ಸರ್ಜನ್‌ಗೆ ತೋರಿಸಲು ಹೇಳಬೇಕು, ಆ ಕಾಲಿಗೆ ಮಸಾಜ್ ಅಂತೂ ಮಾಡಲೇಬಾರದು.

ನಿಜವಾದ ಮನೆಯವರು ಇದಕ್ಕೆಲ್ಲ ಉದ್ದುದ್ದ ಉತ್ತರ ಕೊಡುತ್ತಾರೆ, ನೀವು ಕೇಳದ್ದನ್ನೂ ಹೇಳುತ್ತಾರೆ. ಅಪ್ಪ ರಾತ್ರಿಯೆಲ್ಲ ನಿದ್ದೆ ಮಾಡಲ್ಲ, ಕಾಲು ಮಡಚು ಅಂದರೆ ಬೈತಾರೆ ಅಂತೆಲ್ಲ. ದೂರದಲ್ಲಿರುವ ಮಗನಿಗೆ ಗೊತ್ತಿಲ್ಲದಿದ್ದರೆ ಅಮ್ಮನ ನಂಬರ್ ಕೊಡುತ್ತಾನೆ. ಮೋಸಗಾರ ಎಲ್ಲದಕ್ಕೂ "ಹಾಂ ಮೇಡಂ, ಅದೇ ಮೇಡಂ" ಅಂತ ಹೇಳಿ ಮತ್ತೆ ಪೇಮೆಂಟ್‌ಗೇ ಬರುತ್ತಾನೆ. ಡಿಸ್ಚಾರ್ಜ್ ಸಮ್ಮರಿ ಫೋಟೊ ಕಳಿಸಿ, ಮನೆಯಲ್ಲಿರುವವರ ಜೊತೆ ಒಂದು ನಿಮಿಷ ಮಾತಾಡಿಸಿ ಅಂದರೆ ಸಾಕು, ಆಮೇಲೆ ಪತ್ತೆಯೇ ಇರಲ್ಲ.

ಅಡ್ವಾನ್ಸ್ ತಗೊಳ್ಳುವುದನ್ನೂ ಬಿಟ್ಟಿದ್ದೇನೆ. ಮೊದಲ ದಿನ ಹೋಗಿ ನೋಡುವುದು, ಮಂಡಿ ಎಷ್ಟು ಮಡಚುತ್ತೆ ಅಂತ ಅಳೆದು ಬರೆದುಕೊಳ್ಳುವುದು, ಆ ದಿನದ ದುಡ್ಡು ಅಲ್ಲೇ ತಗೊಳ್ಳುವುದು. ನೋಡುವ ಮೊದಲೇ ಹದಿನೈದು ಸೆಷನ್ ಬೇಕು ಅಂತ ನಿಮಗಾದರೂ ಹೇಗೆ ಗೊತ್ತಾಗುತ್ತೆ ಅಲ್ವಾ? ಕೆಲಸಕ್ಕೆ ಅಂತಲೇ ಬೇರೆ ಖಾತೆ ಮಾಡಿ, ಅದಕ್ಕೇ ಯುಪಿಐ ಜೋಡಿಸಿ, ಅದರಲ್ಲಿ ಜಾಸ್ತಿ ದುಡ್ಡು ಇಡುತ್ತಿಲ್ಲ.

ದುಡ್ಡು ಹೋಗಿಬಿಟ್ಟಿದ್ದರೆ ಅವನ ಜೊತೆ ಜಗಳಕ್ಕೆ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಗೆ ಫೋನ್ ಮಾಡಿ, ಸಿಗದಿದ್ದರೆ cybercrime.gov.in ನಲ್ಲಿ ದೂರು ದಾಖಲಿಸಿ, ಬ್ಯಾಂಕಿಗೂ ತಿಳಿಸಿ. ಯುಪಿಐ ಆ್ಯಪ್‌ನಲ್ಲಿ ಆ ಪಾವತಿಯನ್ನು ತೆರೆದರೆ ಹನ್ನೆರಡು ಅಂಕಿಯ ಯುಟಿಆರ್ ನಂಬರ್ ಇರುತ್ತೆ, ಅದನ್ನು ಕೇಳುತ್ತಾರೆ. ಚಾಟ್ ಡಿಲೀಟ್ ಮಾಡಬೇಡಿ. ಬೇಗ ಮಾಡಬೇಕು ಯಾಕೆಂದರೆ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಾ ಹೋಗುತ್ತೆ, ಯಾರೋ ಎಟಿಎಂನಲ್ಲಿ ತೆಗೆದುಬಿಟ್ಟರೆ ತಡೆಹಿಡಿಯಲು ಏನೂ ಉಳಿದಿರಲ್ಲ. ಪಿನ್ ನಾವೇ ಹಾಕಿರುವುದರಿಂದ ಬ್ಯಾಂಕ್ ತನ್ನ ಕೈಯಿಂದ ತುಂಬಿಕೊಡುತ್ತೆ ಅಂತ ನಿರೀಕ್ಷೆ ಬೇಡ. ನನ್ನದರಲ್ಲಿ ನಾಲ್ಕು ಸಾವಿರ ಮಾತ್ರ ಬೇರೆ ರಾಜ್ಯದ ಒಂದು ಖಾತೆಯಲ್ಲಿ ತಡೆಹಿಡಿದಿದ್ದಾರೆ. ಅದನ್ನು ಬಿಡಿಸಿಕೊಳ್ಳಲು ಕೋರ್ಟ್ ಆದೇಶ ಬೇಕು ಅಂದರು, ಅರ್ಜಿ ಹಾಕಿದ್ದೇನೆ, ಇನ್ನೂ ಬಂದಿಲ್ಲ.